ಊರಿಂದ ವಾಪಸ್ ಬಂದಾಗ ಬಾಡಿಗೆ ಮನೆಗೆ ಬೇರೆ ಬೀಗ. ಏನು ಮಾಡಲಿ? ನಷ್ಟ ಕೇಳಬಹುದಾ?

ಹೊಲಿಗೆಮನೆ · 17 ಡಿಸೆಂಬರ್, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ವಿನೋಬನಗರದಲ್ಲಿ ಮೂರು ವರ್ಷದಿಂದ ಮಹಡಿ ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಒಬ್ಬಳೇ ಇರುವುದು. ಮನೆಯಲ್ಲೇ ಬ್ಲೌಸ್ ಹೊಲಿದು ಕೊಡುತ್ತೇನೆ. ಬಾಡಿಗೆ 7,500, ಅಡ್ವಾನ್ಸ್ 50,000. ಅಗ್ರಿಮೆಂಟ್ ಆಗಸ್ಟ್‌ನಲ್ಲೇ ಮುಗಿದಿದೆ. ಹೊಸದು ಮಾಡಿಸಲಿಲ್ಲ. ಆದರೆ ಅಕ್ಟೋಬರ್‌ವರೆಗೂ ಬಾಡಿಗೆ ತೆಗೆದುಕೊಂಡಿದ್ದಾರೆ, ಓನರ್ ಮಗನ ಫೋನ್‌ಗೆ ಯುಪಿಐ ಮಾಡಿದ್ದೇನೆ. ನವೆಂಬರ್ ಬಾಡಿಗೆ ಒಂದು ಬಾಕಿ ಇದೆ, ಅದು ನನ್ನ ತಪ್ಪೇ.

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಅಡಿಕೆ ಕೊಯ್ಲು ಅಂತ ಒಂಬತ್ತು ದಿನ ಹೋಗಿದ್ದೆ. ನಿನ್ನೆ ಸಂಜೆ ಬಂದು ನೋಡಿದರೆ ನನ್ನ ಬೀಗ ಇಲ್ಲ. ಚಿಲಕಕ್ಕೆ ಹೊಳೆಯುವ ಹೊಸ ಬೀಗ, ಅದರ ಮೇಲಿನ ಬೆಲೆ ಚೀಟಿ ಕೂಡ ಕಿತ್ತಿಲ್ಲ. ಕೇಳಿದರೆ ಓನರ್ "ಮಗನ ಮದುವೆ ಇದೆ, ಮನೆ ಬೇಕು, ನಿಮಗೆ ಬಾಯಲ್ಲಿ ಹೇಳಿದ್ವಲ್ಲ" ಅಂದರು. ನನಗೆ ಯಾರೂ ಹೇಳಿಲ್ಲ. ಮಷಿನ್, ಫ್ರಿಜ್, ಬಟ್ಟೆ, ಗಿರಾಕಿಗಳ ರೇಷ್ಮೆ ಸೀರೆ, ಎಲ್ಲ ಒಳಗೇ ಇದೆ. ಈಗ ಲಾಡ್ಜಲ್ಲಿದ್ದೇನೆ. 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದು ಅವರ ಹತ್ತಿರ ಮಾತಾಡಿ, "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಮ್ಮ" ಅಂತ ಹೇಳಿ ಹೋದರು.

ಏನು ಮಾಡಲಿ?

ಗುಡ್ಡದ_ಹುಡುಗ · 17 ಡಿಸೆಂಬರ್, 9:58

ಅಕ್ಕ, ಬೀಗ ಒಡೆದು ಒಳಗೆ ಹೋಗಿ. ಅಷ್ಟೇ. ಅದು ನಿಮ್ಮ ಮನೆ, ನಿಮ್ಮ ಸಾಮಾನು. ಕಾನೂನಿನಲ್ಲಿ ಬಾಡಿಗೆದಾರನನ್ನು ಹಾಗೆ ಹೊರಗೆ ಹಾಕುವಂತಿಲ್ಲ. ನನ್ನ ಫ್ರೆಂಡ್ ಒಬ್ಬ ಬೆಂಗಳೂರಲ್ಲಿ ಹಾಗೇ ಮಾಡಿದ, ಏನೂ ಆಗಲಿಲ್ಲ.

ಮನೆ_ಮಾಲೀಕ_ಸಾಗರ · 17 ಡಿಸೆಂಬರ್, 10:15

ಎಲ್ಲರೂ ಓನರ್‌ಗೇ ಬೈಯೋದು ನೋಡಿ ಬೇಜಾರಾಗುತ್ತೆ. ನನ್ನ ಮನೆಯಲ್ಲಿ ಒಬ್ಬ ಎಂಟು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಖಾಲಿನೂ ಮಾಡ್ತಿಲ್ಲ. ನಮ್ಮ ಅಗ್ರಿಮೆಂಟಲ್ಲಿ ಸ್ಪಷ್ಟವಾಗಿ ಬರೆದಿದೆ, ಎರಡು ತಿಂಗಳು ಬಾಡಿಗೆ ತಪ್ಪಿದರೆ ಮಾಲೀಕರು ಬೀಗ ಹಾಕಿಕೊಳ್ಳಬಹುದು ಅಂತ. ಅವನೇ ಸಹಿ ಹಾಕಿದ್ದಾನೆ. ನಾನು ಬೀಗ ಹಾಕಿದರೆ ಏನು ತಪ್ಪು?

ಶಿರಸ್ತೇದಾರ್_ನಿವೃತ್ತ · 18 ಡಿಸೆಂಬರ್, ಬೆಳಿಗ್ಗೆ 6:20

ತಂಗಿ, ಮೊದಲು ಒಂದು ಮಾತು. ಬೀಗ ಒಡೆಯಬೇಡಿ. ಮೂವತ್ತು ವರ್ಷ ಸಿವಿಲ್ ಕೋರ್ಟಿನಲ್ಲಿ ದಾವೆಗಳನ್ನು ಪರಿಶೀಲಿಸುವ ಕೆಲಸ ಮಾಡಿದವನು ನಾನು. ವಕೀಲನಲ್ಲ. ಆದರೆ ಎಷ್ಟೋ ಒಳ್ಳೆಯ ಕೇಸು ಮೊದಲ ವಾರದಲ್ಲೇ ಕೆಟ್ಟುಹೋದದ್ದು ನೋಡಿದ್ದೇನೆ. ನೀವು ಬೀಗ ಒಡೆದರೆ ನಾಳೆ ಓನರ್ ಸ್ಟೇಷನ್‌ಗೆ ಹೋಗಿ "ಒಳಗಿದ್ದ ನನ್ನ ಎರಡು ಲಕ್ಷ ಹೋಯ್ತು" ಅಂತ ದೂರು ಕೊಡುತ್ತಾರೆ. ಆಮೇಲೆ ನೀವು ದೂರು ಕೊಟ್ಟವರಲ್ಲ, ಜಾಮೀನು ಹುಡುಕುವವರು. ಆ ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ. ಹಾಗೆ ಹೊರಗೆ ಹಾಕುವಂತಿಲ್ಲ ಅನ್ನೋದು ಸರಿ. ಅದಕ್ಕೆ ಬೀಗ ಒಡೆಯಬಹುದು ಅನ್ನೋದು ಸರಿಯಲ್ಲ.

ಅಗ್ರಿಮೆಂಟ್ ಮುಗಿದಿದೆ ಅಂತ ಹೆದರಬೇಡಿ. ಮುಗಿದ ಮೇಲೂ ಅವರು ಬಾಡಿಗೆ ತೆಗೆದುಕೊಂಡಿದ್ದಾರಲ್ಲ, ಅಲ್ಲಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಯಿತು. ಅದನ್ನು ಮುಗಿಸಬೇಕಾದರೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸು ಬೇಕು. ಬರವಣಿಗೆಯಲ್ಲಿ, ಸಹಿ ಹಾಕಿ. ಬಾಯಿ ಮಾತಿಗೆ ಬೆಲೆ ಇಲ್ಲ. ನೋಟಿಸಿನ ಅವಧಿ ಮುಗಿದರೂ ಅವರೇ ಬಂದು ಬೀಗ ಹಾಕುವ ಹಾಗಿಲ್ಲ. ದಾವೆ ಹಾಕಿ, ಡಿಕ್ರಿ ತಂದು, ಕೋರ್ಟ್ ಅಮೀನರ ಮೂಲಕ ಬಿಡಿಸಿಕೊಳ್ಳಬೇಕು. ಇದನ್ನು ಸುಪ್ರೀಂ ಕೋರ್ಟು 1968ರಿಂದ ಮತ್ತೆ ಮತ್ತೆ ಹೇಳಿದೆ. ನಮ್ಮ ಕರ್ನಾಟಕದಿಂದ ಹೋದ ರಾಮೇಗೌಡ ಪ್ರಕರಣದಲ್ಲೂ ಹೇಳಿದ್ದು ಹೆಚ್ಚುಕಡಿಮೆ ಇದೇ. ನೆಲೆ ನಿಂತು ವಾಸವಾಗಿರುವವನನ್ನು, ಅವನಿಗೆ ಹಕ್ಕಿಲ್ಲದಿದ್ದರೂ, ಕಾನೂನಿನ ದಾರಿಯಲ್ಲೇ ಹೊರಗೆ ಕಳಿಸಬೇಕು.

ಸಾಗರದ ಯಜಮಾನರೇ, ನಿಮಗೂ ಅದೇ ಉತ್ತರ. ಅಗ್ರಿಮೆಂಟಲ್ಲಿ ಏನೇ ಬರೆಸಿಕೊಂಡಿರಿ, ಆ ಒಂದು ಸಾಲು ನಿಮಗೆ ಬೀಗ ಹಾಕುವ ಅಧಿಕಾರ ಕೊಡುವುದಿಲ್ಲ. ಎಂಟು ತಿಂಗಳ ಬಾಕಿಗೆ ನೋಟಿಸು ಕೊಟ್ಟು ದಾವೆ ಹಾಕಿ. ಬೀಗ ಹಾಕಿದರೆ ಬಾಕಿ ಕೊಡಬೇಕಾದ ಆ ಮನುಷ್ಯನೇ ನಿಮ್ಮ ಮೇಲೆ ಕೇಸು ಹಾಕುತ್ತಾನೆ.

ಮನೆ_ಮಾಲೀಕ_ಸಾಗರ · 18 ಡಿಸೆಂಬರ್, 7:05

ದಾವೆ ಮುಗಿಯೋ ಹೊತ್ತಿಗೆ ನನ್ನ ಮೊಮ್ಮಗನ ಮದುವೆ ಆಗುತ್ತೆ ಬಿಡಿ.

ಶಿರಸ್ತೇದಾರ್_ನಿವೃತ್ತ · 18 ಡಿಸೆಂಬರ್, 7:30

ಅದು ನಿಜ. ಸುಳ್ಳು ಹೇಳಲ್ಲ.

ತಂಗಿ, ನಿಮ್ಮ ವಿಷಯಕ್ಕೆ ಬರುತ್ತೇನೆ. ಈಗ ಎರಡು ಗಡಿಯಾರ ಓಡ್ತಿದೆ ಅಂತ ತಿಳಿಯಿರಿ. ಒಂದು ಆರು ತಿಂಗಳದ್ದು. ನಿರ್ದಿಷ್ಟ ಪರಿಹಾರ ಕಾಯ್ದೆ 1963, ಅದರ 6ನೇ ಕಲಂ. ಒಪ್ಪಿಗೆ ಇಲ್ಲದೆ, ಕಾನೂನು ಬಿಟ್ಟು ಹೊರಗೆ ಹಾಕಿದರೆ, ಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹಾಕಿ ಮನೆ ವಾಪಸ್ ಪಡೆಯಬಹುದು. ಅಲ್ಲಿ ಮನೆ ಯಾರ ಹೆಸರಲ್ಲಿದೆ, ಖಾತೆ ಯಾರದು, ಅದೆಲ್ಲ ಕೇಳೋದೇ ಇಲ್ಲ. ನೀವು ವಾಸವಿದ್ದಿರಾ, ನಿಮ್ಮನ್ನು ಹೊರಗೆ ಹಾಕಿದರಾ, ಇಷ್ಟೇ ಪ್ರಶ್ನೆ. ಆ ತೀರ್ಪಿನ ಮೇಲೆ ಅಪೀಲೂ ಇಲ್ಲ. ಆರು ತಿಂಗಳು ಲೆಕ್ಕ ಹಾಕೋದು ನೀವು ನೋಡಿದ ದಿನದಿಂದ ಅಲ್ಲ, ಬೀಗ ಬದಲಿಸಿದ ದಿನದಿಂದ. ಪಕ್ಕದ ಮನೆಯವರು ಯಾವ ದಿನ ನೋಡಿದರು ಅಂತ ಕೇಳಿಟ್ಟುಕೊಳ್ಳಿ.

ಇನ್ನೊಂದು ಎರಡು ತಿಂಗಳದ್ದು. ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿಯೂ ಹೌದು. ಜಗಳ ಕೈಮೀರುವ ಹಾಗಿದ್ದರೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 164ನೇ ಕಲಂ ಕೆಳಗೆ ಅವರು ಯಾರು ವಾಸದಲ್ಲಿದ್ದರು ಅಂತ ನೋಡಿ ಆದೇಶ ಮಾಡಬಹುದು. ಹಿಂದಿನ ಎರಡು ತಿಂಗಳೊಳಗೆ ಹೊರಗೆ ಹಾಕಿಸಿಕೊಂಡಿದ್ದರೆ ಮಾತ್ರ ನಿಮ್ಮನ್ನು ವಾಸದಲ್ಲಿದ್ದವರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದು ಎಲ್ಲರಿಗೂ ಸಿಗುವ ದಾರಿಯಲ್ಲ. ಬಾಯಿ ಜಗಳಕ್ಕೆಲ್ಲ ಅವರು ಕೈ ಹಾಕೋದಿಲ್ಲ.

ಪೊಲೀಸರು ಸಿವಿಲ್ ಅಂದರು ಅಂತ ಬಿಡಬೇಡಿ. ಇವತ್ತೇ ಬರವಣಿಗೆಯಲ್ಲಿ ದೂರು ಕೊಡಿ. ತೆಗೆದುಕೊಳ್ಳಲ್ಲ ಅಂದರೆ ಹಿಂಬರಹ ಕೇಳಿ. ಬೇರೆಯವರು ವಾಸವಿರುವ ಮನೆಗೆ ಓನರೇ ನುಗ್ಗಿದರೂ ಅದು ಅತಿಕ್ರಮ ಪ್ರವೇಶವೇ. ಹಿಂಬರಹ ಸಿಕ್ಕಿದರೆ ಎಸ್‌ಪಿಗೆ ಬರೆಯಲು ಆಧಾರ ಆಯಿತು. ಅದಕ್ಕಿಂತ ಹೆಚ್ಚಾಗಿ, ಯಾವ ದಿನ ಹೊರಗೆ ಹಾಕಿದರು ಅನ್ನೋದಕ್ಕೆ ಸರ್ಕಾರಿ ಮೊಹರಿನ ಕಾಗದ ಸಿಕ್ಕಿತು.

ಹೊಲಿಗೆಮನೆ · 18 ಡಿಸೆಂಬರ್, ಮಧ್ಯಾಹ್ನ 1:10

ಸರ್, ತುಂಬ ಉಪಕಾರ. ದೂರು ಕೊಟ್ಟೆ. ಒಂದು ಗಂಟೆ ಕೂರಿಸಿದರು, ಕೊನೆಗೆ ಸೀಲ್ ಹಾಕಿ ಸ್ವೀಕೃತಿ ಕೊಟ್ಟರು. ಕೆಳಗಿನ ಮನೆಯ ಅಜ್ಜಿ 13ನೇ ತಾರೀಕು ಬೆಳಿಗ್ಗೆ ಬೀಗ ಬದಲಿಸಿದರು ಅಂದರು. ಅಜ್ಜಿ ಹೇಳಿದ್ದಕ್ಕೆ ಗ್ಯಾರಂಟಿ ಏನು ಅಂದರೆ, ಅವತ್ತು ಅವರ ಮೊಮ್ಮಗನ ಹುಟ್ಟುಹಬ್ಬ.

ನಾನು ಅಲ್ಲಿ ವಾಸ ಇದ್ದೆ ಅಂತ ತೋರಿಸೋದು ಹೇಗೆ? ಅಗ್ರಿಮೆಂಟೂ ಒಳಗೇ ಇದೆ. ಹೊಸ ಬೀಗದ ಫೋಟೋ ಮಾತ್ರ ಇದೆ.

ಲೈನ್‌ಮ್ಯಾನ್_ಹೆಂಡತಿ · 18 ಡಿಸೆಂಬರ್, 2:25

ಗೃಹಜ್ಯೋತಿ ಹಾಕಿಸಿದ್ದೀರಾ? ಹಾಕಿಸಿದ್ದರೆ ಆ ಮನೆಯ ಆರ್‌ಆರ್ ನಂಬರ್ ನಿಮ್ಮ ಆಧಾರ್‌ಗೆ ಲಿಂಕ್ ಆಗಿರುತ್ತೆ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ. ಮೆಸ್ಕಾಂ ಬಿಲ್ ಓನರ್ ಹೆಸರಲ್ಲೇ ಬರುತ್ತೆ, ಆದರೆ ಲಿಂಕ್ ನಿಮ್ಮದು. ಬಾಡಿಗೆದಾರರು ಅಂತ ಬರೆದೇ ಅರ್ಜಿ ಹಾಕಿರ್ತೀರಿ.

ಹೊಲಿಗೆಮನೆ · 18 ಡಿಸೆಂಬರ್, 2:31

ಅಯ್ಯೋ ಹೌದಲ್ಲಾ! ಹಾಕಿಸಿದ್ದೇನೆ. ಗ್ಯಾಸ್ ಸಿಲಿಂಡರ್ ಕೂಡ ಇದೇ ವಿಳಾಸಕ್ಕೆ ಬರುತ್ತೆ.

ಶಿರಸ್ತೇದಾರ್_ನಿವೃತ್ತ · 18 ಡಿಸೆಂಬರ್, ಸಂಜೆ 4:00

ಇದು ನನಗೆ ಹೊಳೆದಿರಲಿಲ್ಲ. ಒಳ್ಳೆಯ ಮಾತು ಹೇಳಿದಿರಿ ತಾಯಿ. ನಮ್ಮ ಕಾಲದಲ್ಲಿ ರೇಷನ್ ಕಾರ್ಡು, ಹಾಲಿನವನ ಲೆಕ್ಕದ ಚೀಟಿ ತರುತ್ತಿದ್ದರು.

ಯುಪಿಐ ಬಾಡಿಗೆಯ ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಸ್ಕ್ರೀನ್‌ಶಾಟ್ ಸಾಲದು, ಬ್ಯಾಂಕಿನ ಸೀಲ್ ಇರಲಿ. ಓನರ್ ಜೊತೆಗಿನ ವಾಟ್ಸಾಪ್ ಮಾತು ಅಳಿಸಬೇಡಿ, ಫೋನೂ ಬದಲಿಸಬೇಡಿ. ಫೋನಿನಲ್ಲಿರುವುದನ್ನು ಕೋರ್ಟಿಗೆ ಕೊಡುವಾಗ ಅದಕ್ಕೊಂದು ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರು ಮಾಡಿಸುತ್ತಾರೆ. ಮತ್ತೆ ಓನರ್‌ಗೆ ಇವತ್ತೇ ಒಂದು ಮೆಸೇಜ್ ಕಳಿಸಿ: "13ನೇ ತಾರೀಕು ನೀವು ಬೀಗ ಬದಲಿಸಿದ್ದೀರಿ, ನನ್ನ ಸಾಮಾನು ಒಳಗಿದೆ, ಕೀ ಕೊಡಿ." ಬೈಯಬೇಡಿ. ಅವರು "ಬಾಡಿಗೆ ಕೊಟ್ಟಿಲ್ಲ ಅದಕ್ಕೆ ಹಾಕಿದ್ದು" ಅಂತ ಒಂದು ಸಾಲು ಬರೆದರೂ ಸಾಕು, ಅರ್ಧ ಕೇಸು ಅಲ್ಲೇ ಮುಗಿಯಿತು.

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಕೋರ್ಟ್ ಆವರಣದಲ್ಲೇ ಕಚೇರಿ ಇದೆ. 15100ಕ್ಕೆ ಫೋನ್ ಮಾಡಿದರೂ ಆದೀತು. ಡಿಸೆಂಬರ್ ಕೊನೆಗೆ ಕೋರ್ಟಿಗೆ ರಜೆ ಬರುತ್ತದೆ, ಅದಕ್ಕೆ ಮುಂಚೆ ಹೋಗಿ.

ಸ್ಯಾನ್‌ಹೋಸೆ_ಶಿವಮೊಗ್ಗದವ · 19 ಡಿಸೆಂಬರ್, 8:45

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓನರ್ ಬೀಗ ಬದಲಿಸಿದರೆ ನಿಜವಾದ ನಷ್ಟದ ಜೊತೆಗೆ ದಿನಕ್ಕೆ 100 ಡಾಲರ್‌ವರೆಗೆ ಕೊಡಬೇಕು. ಕಾಯ್ದೆಯಲ್ಲೇ ಇದೆ. ನೀವೂ ದಿನದ ಲೆಕ್ಕದಲ್ಲೇ ಕೇಳಿ. ಒಂದು ಹತ್ತು ಲಕ್ಷ ಕೇಳಿ ನೋಡಿ, ಹೆದರಿ ಕೀ ಕೊಡ್ತಾರೆ.

ಗುಡ್ಡದ_ಹುಡುಗ · 19 ಡಿಸೆಂಬರ್, 9:02

ಸೂಪರ್. ಹತ್ತು ಲಕ್ಷ ಕೇಳಿ ಅಕ್ಕ.

ಜೂನಿಯರ್_ಕರಿಕೋಟು · 19 ಡಿಸೆಂಬರ್, ರಾತ್ರಿ 10:30

ನಾನು ಭದ್ರಾವತಿಯಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ನಾಲ್ಕು ವರ್ಷ ಆಯಿತು. ಸುಮ್ನೆ ಹತ್ತು ಲಕ್ಷ ಅಂತ ಬರೆಯಬೇಡಿ. ನಮ್ಮಲ್ಲಿ ದಿನಕ್ಕೆ ಇಷ್ಟು ಅಂತ ಕಟ್ಟಿಟ್ಟ ದಂಡ ಇಲ್ಲ. ಬಾಡಿಗೆಯ ಮೂರು ಪಟ್ಟು ಅಂತಲೂ ಇಲ್ಲ. ಆದ ನಷ್ಟ ತೋರಿಸಿ, ಕೇಳಬೇಕು. ಮತ್ತೆ ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ. ಕರ್ನಾಟಕದಲ್ಲಿ ಅದು ಜಾಸ್ತಿನೇ. ಮೊದಲ 15,000ಕ್ಕೆ ನೂರಕ್ಕೆ ಎರಡೂವರೆ, ಅಲ್ಲಿಂದ 75,000ದವರೆಗೆ ನೂರಕ್ಕೆ ಏಳೂವರೆ, ಅದರ ಮೇಲೆ ಎರಡೂವರೆ ಲಕ್ಷದವರೆಗೆ ನೂರಕ್ಕೆ ಏಳು. ಎರಡು ಲಕ್ಷ ಕೇಳಿದರೆ 13,625 ರೂಪಾಯಿ ಬರೀ ಫೀ. ಉಚಿತ ನೆರವಲ್ಲಿ ಬಂದರೆ ಫೀ ನಿಮ್ಮ ಮೇಲೆ ಬೀಳಲ್ಲ, ಆದರೂ ಊದಿಸಿದ ಲೆಕ್ಕ ಇಟ್ಟರೆ ಜಡ್ಜ್ ಉಳಿದ ಲೆಕ್ಕವನ್ನೂ ನಂಬಲ್ಲ.

ಬಾಡಿಗೆ ಕಾಯ್ದೆ 1999ರ ಕೆಳಗೆ ಹೋಗಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು 3,500ರ ಮೇಲಿನ ಬಾಡಿಗೆಗೆ ಎಲ್ಲೂ ಹಿಡಿಯಲ್ಲ, ಕೆಲವು ಊರಲ್ಲಿ 2,000ದ ಮೇಲೆಯೇ ಇಲ್ಲ. ನಿಮ್ಮದು 7,500.

ನಷ್ಟದ ಹಣವನ್ನು 6ನೇ ಕಲಂ ದಾವೆಯ ಜೊತೆಗೇ ಸೇರಿಸಿ ಕೇಳಿ. ಇಲ್ಲದಿದ್ದರೆ ಆಮೇಲೆ ಬೇರೆ ದಾವೆ ಹಾಕಿದಾಗ "ಮೊದಲೇ ಯಾಕೆ ಕೇಳಲಿಲ್ಲ" ಅಂತ ಎದುರಾಳಿ ತಡೆ ಒಡ್ಡುತ್ತಾರೆ.

ಶಿರಸ್ತೇದಾರ್_ನಿವೃತ್ತ · 20 ಡಿಸೆಂಬರ್, ಬೆಳಿಗ್ಗೆ 6:15

ಕೊನೆಯ ಮಾತೊಂದನ್ನು ನಾನು ಒಪ್ಪಲ್ಲ ಲಾಯರ್ ಸಾಹೇಬರೇ. 6ನೇ ಕಲಂ ದಾವೆ ಚುಟುಕಾಗಿರಬೇಕು. ಅದರೊಳಗೆ ಹೊಲಿಗೆ ಮಷಿನ್ನು, ಮಿಕ್ಸಿ, ಮನೋವ್ಯಥೆ ಎಲ್ಲ ತುರುಕಿದರೆ, ಒಂದೊಂದಕ್ಕೂ ಸಾಕ್ಷಿ, ಒಂದೊಂದಕ್ಕೂ ಪಾಟಿ ಸವಾಲು. ಕೀ ಸಿಗೋದು ತಡವಾಗುತ್ತದೆ. ಕೀ ಮೊದಲು, ಕಾಸು ಆಮೇಲೆ. ನಷ್ಟದ ದಾವೆಗೆ ಮೂರು ವರ್ಷ ಸಮಯ ಇದೆ.

ಜೂನಿಯರ್_ಕರಿಕೋಟು · 20 ಡಿಸೆಂಬರ್, 11:40

ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 2, ನಿಯಮ 2ರ ಅಪಾಯ ಇದೆಯಲ್ಲ? ಕಡೇ ಪಕ್ಷ ಉಳಿದದ್ದನ್ನು ಆಮೇಲೆ ಕೇಳಲು ಕೋರ್ಟಿನ ಅನುಮತಿಯನ್ನಾದರೂ ಅರ್ಜಿಯಲ್ಲಿ ಕೇಳಿಟ್ಟುಕೊಳ್ಳಬೇಕು.

ಶಿರಸ್ತೇದಾರ್_ನಿವೃತ್ತ · 20 ಡಿಸೆಂಬರ್, 12:05

ಅನುಮತಿ ಕೇಳಿಟ್ಟುಕೊಳ್ಳಲಿ, ಅದಕ್ಕೆ ನನ್ನದೇನೂ ತಕರಾರಿಲ್ಲ. ಸೇರಿಸಬಹುದೋ ಬೇಡವೋ ಅನ್ನೋದರಲ್ಲಿ ವಕೀಲರಲ್ಲೇ ಎರಡು ಪಂಗಡ ಇತ್ತು, ನಾನು ನಿವೃತ್ತಿ ಆಗುವವರೆಗೂ ಇತ್ತು.

ಹೊಲಿಗೆಮನೆ · 27 ಡಿಸೆಂಬರ್, ಸಂಜೆ 6:50

ತಡವಾಗಿ ಬರೆಯುತ್ತಿದ್ದೇನೆ. ಪ್ರಾಧಿಕಾರದಿಂದ ಒಬ್ಬ ಮೇಡಂ ಸಿಕ್ಕಿದ್ದಾರೆ. ರಜೆಗೆ ಮುಂಚೆ ದಾವೆ ಹಾಕಿಸಿದರು. 6ನೇ ಕಲಂ ಮಾತ್ರ, ಅನುಮತಿಯ ಅರ್ಜಿ ಜೊತೆಗೆ. ಇಬ್ಬರ ಮಾತೂ ಉಳಿಯಿತು ನೋಡಿ. ಜೊತೆಗೆ ಕೋರ್ಟ್ ಕಮಿಷನರ್ ಬಂದು ಒಳಗೆ ಏನಿದೆ ಅಂತ ಪಟ್ಟಿ ಮಾಡಲಿ ಅಂತ ಒಂದು ಅರ್ಜಿ ಹಾಕಿದರು. ಓನರ್‌ಗೆ ನೋಟಿಸ್ ಹೋಗಿದೆ.

ನಾನೀಗ ಪಿಜಿಯಲ್ಲಿದ್ದೇನೆ. ಗೆಳತಿಯ ಮಷಿನ್‌ನಲ್ಲಿ ಅವಳು ಮಲಗಿದ ಮೇಲೆ ಸ್ವಲ್ಪ ಹೊಲಿಯುತ್ತೇನೆ. ಗಿರಾಕಿಯೊಬ್ಬರು "ನನ್ನ ಮಗಳ ಧಾರೆ ಸೀರೆ ಒಳಗಿದೆಯಲ್ಲಮ್ಮ" ಅಂತ ಅತ್ತುಬಿಟ್ಟರು. ಅವರಿಗೆ ಏನು ಹೇಳಲಿ?

ಮೇಡಂ ನಷ್ಟದ ಲೆಕ್ಕ ಬರೆದುಕೊಂಡು ಬಾ ಅಂದಿದ್ದಾರೆ. ನಾನು ಬರೆದದ್ದು: ಲಾಡ್ಜ್, ಪಿಜಿ ಪೂರ್ತಿ ಖರ್ಚು. ಒಂದು ತಿಂಗಳ ದುಡಿಮೆ. ಗಿರಾಕಿಗಳಿಗೆ ವಾಪಸ್ ಕೊಟ್ಟ ಅಡ್ವಾನ್ಸ್ 1,800. ಮನೆ ಅಡ್ವಾನ್ಸ್ 50,000. ಸರಿ ಇದೆಯಾ?

ಶಿರಸ್ತೇದಾರ್_ನಿವೃತ್ತ · 28 ಡಿಸೆಂಬರ್, ಬೆಳಿಗ್ಗೆ 6:40

ಮನೆ ಅಡ್ವಾನ್ಸ್ ನಷ್ಟ ಅಲ್ಲ ತಂಗಿ. ಅದು ನಿಮ್ಮ ಹಣ, ಅವರ ಹತ್ತಿರ ಇದೆ. ಮನೆ ಬಿಡುವ ದಿನ ಬಾಕಿ ಕಳೆದು ಕೊಡಬೇಕು. ನೀವು ಮನೆ ವಾಪಸ್ ಕೇಳುತ್ತಿರುವಾಗ ಅಡ್ವಾನ್ಸೂ ಕೇಳಿದರೆ ಎರಡೂ ತಾಳೆಯಾಗಲ್ಲ.

ಲಾಡ್ಜು, ಪಿಜಿ ಪೂರ್ತಿ ಸಿಗೋದಿಲ್ಲ. ಬೀಗ ಬಿದ್ದ ದಿನಗಳಿಗೆ ನೀವು ಮನೆ ಬಾಡಿಗೆ ಕೊಡಬೇಕಾಗಿಲ್ಲವಲ್ಲ. ಹೊರಗೆ ಖರ್ಚಾದದ್ದರಲ್ಲಿ ಆ ಉಳಿದ ಬಾಡಿಗೆ ಕಳೆದು, ಮಿಕ್ಕಿದ್ದು ಮಾತ್ರ ನಷ್ಟ. ಅವರೇನಾದರೂ ಆ ದಿನಗಳ ಬಾಡಿಗೆಯನ್ನೂ ಅಡ್ವಾನ್ಸಲ್ಲಿ ಮುರಿದುಕೊಂಡರೆ ಆಗ ಪೂರ್ತಿ ಕೇಳಿ.

ಗಿರಾಕಿಗೆ ವಾಪಸ್ ಕೊಟ್ಟ 1,800 ಮತ್ತು ನಿಮ್ಮ ದುಡಿಮೆ, ಎರಡನ್ನೂ ಹಾಕಿದರೆ ಒಂದನ್ನೇ ಎರಡು ಸಲ ಎಣಿಸಿದ ಹಾಗೆ. ಆ 1,800 ನಿಮ್ಮ ದುಡಿಮೆಯೊಳಗೇ ಬರುವ ಹಣ. ಪಾಟಿ ಸವಾಲಿನಲ್ಲಿ ಇಂಥದ್ದೇ ಒಂದು ಎಳೆ ಸಿಕ್ಕರೆ ಪೂರ್ತಿ ಬಿಚ್ಚುತ್ತಾರೆ. ಗೆಳತಿಯ ಮಷಿನ್ನಲ್ಲಿ ಹೊಲಿದು ಬಂದದ್ದನ್ನೂ ಕಳೆಯಿರಿ. ಅದರಿಂದ ನಿಮಗೆ ಲಾಭವೇ. ಕೈಕಟ್ಟಿ ಕೂರಲಿಲ್ಲ, ನಷ್ಟ ಕಡಿಮೆ ಮಾಡಲು ನೋಡಿದಿರಿ ಅಂತ ಕಾಣುತ್ತದೆ. ದುಡಿಮೆಗೆ ಆಧಾರ ಏನಿದೆ?

ಹೊಲಿಗೆಮನೆ · 28 ಡಿಸೆಂಬರ್, 9:15

ಆರ್ಡರ್ ಪುಸ್ತಕ ಇದೆ. ಪುಣ್ಯಕ್ಕೆ ಊರಿಗೆ ತೆಗೆದುಕೊಂಡು ಹೋಗಿದ್ದೆ. ಪ್ರತಿ ಪುಟದಲ್ಲೂ ಗಿರಾಕಿ ಹೆಸರು, ಅಳತೆ, ಕೊಡುವ ತಾರೀಕು, ಕೂಲಿ. ಮೂಲೆಯಲ್ಲಿ ಆ ಬಟ್ಟೆಯ ಒಂದು ಚೂರು ಪಿನ್ ಮಾಡಿರುತ್ತೇನೆ, ಮರೆಯಬಾರದು ಅಂತ. ಹಿಂದಿನ ಮೂರು ತಿಂಗಳ ಸರಾಸರಿ ದಾರ, ಕರೆಂಟು, ಫಾಲ್ಸ್ ಎಲ್ಲ ಕಳೆದು 14,000 ಬರುತ್ತೆ.

ಲೈನ್‌ಮ್ಯಾನ್_ಹೆಂಡತಿ · 28 ಡಿಸೆಂಬರ್, 9:40

ಬಟ್ಟೆ ಚೂರಿನ ಪುಸ್ತಕ ಕೋರ್ಟಿಗೆ! ಜಡ್ಜ್ ಮೇಡಂ ಆದರೆ ಗೆದ್ದಿರಿ ಬಿಡಿ.

ಮನೆ_ಮಾಲೀಕ_ಸಾಗರ · 2 ಜನವರಿ, 8:10

ಒಂದು ವಿಷಯ ಹೇಳಿ ಬಿಡ್ತೀನಿ. ನಾನು ನಮ್ಮ ಮನೆಗೆ ಬೀಗ ಹಾಕಲು ಹೊರಟಿದ್ದೆ, ಹಾಕಿಲ್ಲ. ನೋಟಿಸು ಕಳಿಸಿದ್ದೇನೆ. ಅವನು ನೋಟಿಸು ತಗೊಂಡಿಲ್ಲ, "ಬಾಗಿಲು ಹಾಕಿದೆ" ಅಂತ ಬರೆದು ವಾಪಸ್ ಬಂದಿದೆ. ಈಗ ಏನು ಮಾಡೋದು ಅಂತ ಯಾರೂ ಹೇಳಲ್ಲ. ಓನರ್ ಕಷ್ಟ ಓನರ್‌ಗೆ.

ಜೂನಿಯರ್_ಕರಿಕೋಟು · 2 ಜನವರಿ, 9:30

ವಾಪಸ್ ಬಂದ ಕವರ್ ಒಡೆಯದೆ ಹಾಗೇ ಇಡಿ ಸರ್. ಇನ್ನೊಂದು ಪ್ರತಿ ಮನೆ ಬಾಗಿಲಿಗೆ ಅಂಟಿಸಿ ಫೋಟೋ ತೆಗೆಯಿರಿ, ಅದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇದು ಅಕ್ಕನದು.

ಹೊಲಿಗೆಮನೆ · 20 ಜನವರಿ, ರಾತ್ರಿ 8:30

ಕೀ ಸಿಕ್ಕಿತು!

ಮೊದಲ ದಿನಾಂಕಕ್ಕೆ ಓನರ್ ಬರಲಿಲ್ಲ, ಅವರ ವಕೀಲರು ಸಮಯ ಕೇಳಿದರು. ನಿನ್ನೆ ಎರಡನೇ ದಿನಾಂಕ. ಜಡ್ಜ್ ಓನರ್‌ಗೆ ಒಂದೇ ಪ್ರಶ್ನೆ ಕೇಳಿದರು: "ಬೀಗ ನೀವು ಹಾಕಿದ್ದಾ?" ವಾಟ್ಸಾಪಿನಲ್ಲಿ ಅವರ ಮಗ "ನವೆಂಬರ್ ಬಾಡಿಗೆ ಕೊಟ್ಟು ಕೀ ತಗೊಳ್ಳಿ" ಅಂತ ಬರೆದದ್ದು ಫೈಲಲ್ಲಿತ್ತು. ಶಿರಸ್ತೇದಾರ್ ಸರ್ ಹೇಳಿದ ಹಾಗೇ ಆಯಿತು. ಅವರ ವಕೀಲರು ಕೀ ಕೊಡುತ್ತೇವೆ ಅಂತ ಮೆಮೋ ಹಾಕಿದರು. ಸಂಜೆ ಕಮಿಷನರ್ ಎದುರಿಗೇ ಬಾಗಿಲು ತೆಗೆದರು.

ಮೆಮೋದಲ್ಲಿ ಮೊದಲು "ಎಲ್ಲ ತಕರಾರೂ ಇತ್ಯರ್ಥವಾಗಿದೆ" ಅಂತ ಒಂದು ಸಾಲಿತ್ತು. ನಮ್ಮ ಮೇಡಂ ಅದಕ್ಕೆ ಸಹಿ ಹಾಕಲು ಬಿಡಲಿಲ್ಲ. "ನಷ್ಟದ ಹಕ್ಕು ಉಳಿಸಿಕೊಂಡು" ಅಂತ ಸೇರಿಸಿದ ಮೇಲೇ ಸಹಿ. ಕೀ ಕಂಡ ಖುಷಿಯಲ್ಲಿ ನಾನಾಗಿದ್ದರೆ ಯಾವ ಕಾಗದಕ್ಕೂ ಹಾಕುತ್ತಿದ್ದೆ.

ಒಳಗೆ ಏನಾಗಿದೆ ಅಂದರೆ, ಸಾಮಾನೆಲ್ಲ ಹಿಂದಿನ ಬಾಲ್ಕನಿಗೆ ಎಳೆದು ಟಾರ್ಪಾಲ್ ಮುಚ್ಚಿದ್ದರು. ಮಷಿನ್ನನ್ನು ಬೆಲ್ಟ್ ಹಿಡಿದು ಎತ್ತಿದ್ದಾರೆ ಅನ್ನಿಸುತ್ತೆ, ಮೋಟರ್ ಕಳಚಿ ನೇತಾಡುತ್ತಿತ್ತು. ರಿಪೇರಿಗೆ 2,650. ಮಿಕ್ಸಿ ಇಲ್ಲವೇ ಇಲ್ಲ. ಧಾರೆ ಸೀರೆ ಕವರಿನಲ್ಲೇ ಇತ್ತು, ಏನೂ ಆಗಿಲ್ಲ. ಅವರ ಮನೆಗೆ ರಾತ್ರಿಯೇ ಕೊಟ್ಟು ಬಂದೆ.

ಕಮಿಷನರ್ ಎಲ್ಲ ಬರೆದುಕೊಂಡರು. ಆ ಬಾಲ್ಕನಿಯ ಫೋಟೋ ಅವರೇ ತೆಗೆದರು.

ಹೊಸ ಲೆಕ್ಕ ಹೀಗಿದೆ, ನೋಡಿ. 16 ಡಿಸೆಂಬರಿಂದ 34 ದಿನ ಹೊರಗಿದ್ದೆ. ಲಾಡ್ಜ್ ನಾಲ್ಕು ರಾತ್ರಿ 3,200, ಪಿಜಿ 6,500, ಒಟ್ಟು 9,700. ಅಷ್ಟು ದಿನದ ಬಾಡಿಗೆ ದಿನಕ್ಕೆ 250ರಂತೆ 8,500 ಕಳೆದರೆ ಬರೀ 1,200 ಉಳಿಯಿತು. ನೋಡಿ ಸಂಕಟ ಆಯಿತು. ದುಡಿಮೆ 34 ದಿನಕ್ಕೆ 15,800, ಅದರಲ್ಲಿ ಗೆಳತಿ ಮಷಿನ್ನಲ್ಲಿ ಹೊಲಿದ 4,000 ಕಳೆದು 11,800. ಮೋಟರ್ 2,650. ಮಿಕ್ಸಿ ಮೂರು ವರ್ಷ ಹಳೆಯದು, ಹೊಸದರ ಬೆಲೆ ಹಾಕಬೇಡ ಅಂದರು ಮೇಡಂ, 1,500. ಎಲ್ಲ ಸೇರಿ 17,150.

ಸ್ಯಾನ್‌ಹೋಸೆ_ಶಿವಮೊಗ್ಗದವ · 20 ಜನವರಿ, 9:50

ಇಷ್ಟೇನಾ? ಒಂದು ತಿಂಗಳು ಬೀದಿಯಲ್ಲಿ ನಿಲ್ಲಿಸಿದ್ದಕ್ಕೆ 17,000?

ಜೂನಿಯರ್_ಕರಿಕೋಟು · 20 ಜನವರಿ, 10:20

ಅದು ಬಿಲ್ ಇರುವ ನಷ್ಟ. ಮನಸ್ಸಿಗೆ ಆದ ನೋವು, ಅವಮಾನ, ಒಬ್ಬ ಹೆಂಗಸನ್ನು ರಾತ್ರಿ ಹೊರಗೆ ನಿಲ್ಲಿಸಿದ್ದು, ಇದಕ್ಕೆ ಬೇರೆ ಕೇಳಬಹುದು. ಅದರಲ್ಲಿ ಎಷ್ಟು ಕೊಡೋದು ಅನ್ನೋದು ಜಡ್ಜ್ ವಿವೇಚನೆ. ನಾನಾದರೆ 25,000 ಕೇಳ್ತೀನಿ. ಒಟ್ಟು 42,150 ಆಗುತ್ತೆ, ಫೀ ಸುಮಾರು 2,411.

ಶಿರಸ್ತೇದಾರ್_ನಿವೃತ್ತ · 21 ಜನವರಿ, ಬೆಳಿಗ್ಗೆ 6:10

ಸಂತೋಷ ಆಯಿತು ತಂಗಿ. ಎರಡನೇ ದಿನಾಂಕಕ್ಕೇ ಕೀ ಸಿಗೋದು ಅಪರೂಪ. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಓದಿದವರು ತಿಳಿಯಬಾರದು. ಓನರ್ ಹಟ ಹಿಡಿದಿದ್ದರೆ ವರ್ಷ ಹಿಡಿಯುತ್ತಿತ್ತು.

ನವೆಂಬರ್ ಬಾಡಿಗೆ 7,500 ಈಗಲೇ ಕಟ್ಟಿಬಿಡಿ, ಯುಪಿಐನಲ್ಲೇ, "ನವೆಂಬರ್ ಬಾಡಿಗೆ" ಅಂತ ಬರೆದು. ನಷ್ಟದ ಮಾತು ಬಂದಾಗ ಅವರು ಮೊದಲು ಎತ್ತುವುದು ಅದನ್ನೇ. ಆಮೇಲೆ ನಷ್ಟಕ್ಕೆ ಒಂದು ವಕೀಲರ ನೋಟಿಸು ಕೊಡಿಸಿ. ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ. ಮನೋವ್ಯಥೆಗೆ 25,000 ಅಂತ ಕೇಳೋದರಲ್ಲಿ ತಪ್ಪಿಲ್ಲ, ಸಿಗುತ್ತದೆ ಅಂತ ಲೆಕ್ಕ ಹಾಕಿ ಸಾಲ ಮಾಡಬೇಡಿ.

ಗುಡ್ಡದ_ಹುಡುಗ · 21 ಜನವರಿ, 8:00

ಅಕ್ಕ, ಅದೇ ಮನೆಯಲ್ಲೇ ಇರ್ತೀರಾ? ದಿನಾ ಮುಖ ನೋಡಬೇಕಲ್ಲ ಮಾರಾಯ್ರೆ.

ಹೊಲಿಗೆಮನೆ · 21 ಜನವರಿ, ಸಂಜೆ 7:20

ಇರಲ್ಲ. ಗೋಪಾಳದ ಕಡೆ ಒಂದು ಮನೆ ನೋಡಿ ಬಂದೆ, ಬಾಡಿಗೆ 500 ಜಾಸ್ತಿ. ಇಲ್ಲಿ ಬಿಡುವಾಗ ಅಡ್ವಾನ್ಸಿನ ಗಲಾಟೆ ಇನ್ನೊಂದು ಇದ್ದೇ ಇದೆ ಅಂತ ಗೊತ್ತು. ನವೆಂಬರ್ ಬಾಡಿಗೆ ಮಧ್ಯಾಹ್ನ ಕಟ್ಟಿದೆ. ಮೋಟರ್ ರಿಪೇರಿ ಮಾಡಿದವನು ಬಿಲ್ ಬುಕ್ ಇಲ್ಲ ಅಂತ ಸಿಗರೇಟ್ ಪ್ಯಾಕ್ ಹಿಂದೆ ಬರೆದು ಕೊಟ್ಟಿದ್ದಾನೆ. ನಾಳೆ ಮತ್ತೆ ಹೋಗಿ ಸೀಲ್ ಇರುವ ಬಿಲ್ ಹಾಕಿಸಿಕೊಂಡು ಬರಬೇಕು.